ನಾಲ್ಕು ಊರು, ನೂರು ಚೀಟಿ

ಯಾವುದೇ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಉತ್ತರ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಸಮೀಕ್ಷೆಯ ಅಂದಾಜು ಎಷ್ಟು ಏರುಪೇರಾಗಬಹುದು ಎಂದು ಅಳೆಯಲು ಸಂಖ್ಯಾಶಾಸ್ತ್ರಜ್ಞರು ಬಳಸುವ ವೇರಿಯನ್ಸ್ ಎಂಬ ಅಳತೆ ಇಂಥ ಗುಣಾಕಾರಗಳಿಂದಲೇ ಆದದ್ದು. ಅಂದಾಜು ನಿಜದಿಂದ ಎಷ್ಟು ದೂರ ಬಿತ್ತು ಎಂದು ನೋಡಿ, ಆ ದೂರವನ್ನು ವರ್ಗ ಮಾಡಿ, ಎಲ್ಲ ಸಾಧ್ಯತೆಗಳ ಮೇಲೆ ಸರಾಸರಿ ತೆಗೆದರೆ ವೇರಿಯನ್ಸ್ ಸಿಗುತ್ತದೆ. ಅದು ಸೊನ್ನೆಯಾಗಬಹುದು, ಆದರೆ ಋಣಸಂಖ್ಯೆ ಆಗಲಾರದು.

ಹೀಗಿದ್ದರೂ 1952ರಲ್ಲಿ ಅಮೆರಿಕದ ಡೇನಿಯಲ್ ಹಾರ್ವಿಟ್ಜ್ ಮತ್ತು ಡಾನವನ್ ಥಾಂಪ್ಸನ್ ಪ್ರಕಟಿಸಿದ ಸೂತ್ರಕ್ಕೆ ಸರಿಯಾದ ಅಂಕಿಗಳನ್ನೇ ಕೊಟ್ಟರೂ ಕೆಲವೊಮ್ಮೆ ಮೈನಸ್ ಒಂದು ಲಕ್ಷದಂಥ ವೇರಿಯನ್ಸ್ ಬರುತ್ತದೆ. ಲೆಕ್ಕದಲ್ಲಿ ತಪ್ಪಿರುವುದಿಲ್ಲ, ಸೂತ್ರವೂ ಸುಳ್ಳಲ್ಲ. ಮರುವರ್ಷ, 1953ರಲ್ಲಿ, ಭಾರತದ ಎ. ಆರ್. ಸೆನ್ ಒಂದು ಕಡೆ, ಇಂಗ್ಲೆಂಡಿನ ಫ್ರಾಂಕ್ ಯೇಟ್ಸ್ ಮತ್ತು ಪಿ. ಎಂ. ಗ್ರಂಡಿ ಇನ್ನೊಂದು ಕಡೆ, ಪರಸ್ಪರ ಸಂಬಂಧವಿಲ್ಲದೆ ಇದಕ್ಕೆ ಒಂದೇ ಪರಿಹಾರ ಕಂಡರು. ಮಾದರಿಗೆ ಎಷ್ಟು ಘಟಕಗಳನ್ನು ಆರಿಸುತ್ತೇವೆ ಎಂಬುದು ಮೊದಲೇ ನಿಶ್ಚಿತವಾಗಿದ್ದರೆ, ಅಂದಾಜಿನ ಏರುಪೇರೆಲ್ಲ ಘಟಕಗಳ ನಡುವಿನ ವ್ಯತ್ಯಾಸದಿಂದ ಮಾತ್ರ ಬರುತ್ತದೆ ಎಂಬುದೇ ಆ ಪರಿಹಾರದ ತಿರುಳು. ಅದನ್ನು ಒಂದು ಸಣ್ಣ ಲೆಕ್ಕದ ಮೂಲಕ ಕೊನೆಯವರೆಗೂ ನೋಡಬಹುದು. ಕೂಡುವುದು, ಗುಣಿಸುವುದು ಬಂದರೆ ಸಾಕು.

ಅಸಮಾನ ಅವಕಾಶ, ಸಮಾನ ನ್ಯಾಯ

ನಾಲ್ಕು ಊರುಗಳಿವೆ ಎಂದುಕೊಳ್ಳೋಣ: ಕ, ಖ, ಗ, ಘ. ಅವುಗಳ ಸಾಗುವಳಿ ಭೂಮಿ ಕ್ರಮವಾಗಿ 400, 300, 200 ಮತ್ತು 100 ಹೆಕ್ಟೇರ್ ಎಂದು ದಾಖಲೆಯಲ್ಲಿದೆ. ಈ ವರ್ಷ ನಾಲ್ಕೂ ಊರು ಸೇರಿ ಒಟ್ಟು ಎಷ್ಟು ಹೆಕ್ಟೇರಿನಲ್ಲಿ ರಾಗಿ ಹಾಕಿದ್ದಾರೆ ಎಂಬುದು ನಮಗೆ ಬೇಕು. ಆದರೆ ಎರಡು ಊರಿಗೆ ಹೋಗಿ ಅಳೆಯುವಷ್ಟೇ ಸಮಯವಿದೆ.

ದೊಡ್ಡ ಊರಿನಲ್ಲಿ ರಾಗಿಯೂ ಹೆಚ್ಚಿರುವ ಸಂಭವ ಇರುವುದರಿಂದ, ಅದಕ್ಕೆ ಆಯ್ಕೆಯಲ್ಲಿ ಹೆಚ್ಚು ಅವಕಾಶ ಕೊಡುವುದು ಜಾಣತನ. ಭೂಮಿಯ ಪ್ರಮಾಣಕ್ಕೆ ತಕ್ಕಂತೆ ಹಂಚಿದರೆ ಕ ಊರು ಆಯ್ಕೆಯಾಗುವ ಸಂಭವನೀಯತೆ 0.8, ಖ ಊರಿಗೆ 0.6, ಗ ಊರಿಗೆ 0.4, ಘ ಊರಿಗೆ 0.2 ಆಗುತ್ತದೆ. ಇವನ್ನು ಕೂಡಿದರೆ 2 ಬರುತ್ತದೆ. ಆರಿಸುವುದು ಎರಡೇ ಊರನ್ನಾದ್ದರಿಂದ ಅದು ಹಾಗೆಯೇ ಬರಬೇಕು.

ಹೀಗೆ ಅಸಮಾನ ಅವಕಾಶ ಕೊಟ್ಟ ಮೇಲೆ ಆ ಪಕ್ಷಪಾತವನ್ನು ಲೆಕ್ಕದಲ್ಲಿ ಸರಿಪಡಿಸಬೇಕು. ದಾರಿ ಸರಳವಾಗಿದೆ. ಆಯ್ಕೆಯಾದ ಪ್ರತಿ ಊರಿನ ರಾಗಿ ವಿಸ್ತೀರ್ಣವನ್ನು ಆ ಊರಿನ ಸಂಭವನೀಯತೆಯಿಂದ ಭಾಗಿಸಿ, ಬಂದದ್ದನ್ನು ಕೂಡುವುದು. ನೂರರಲ್ಲಿ ಇಪ್ಪತ್ತು ಸಲ ಮಾತ್ರ ಆಯ್ಕೆಯಾಗುವ ಘ ಊರು ಬಂದಾಗ ಅದರ ಅಂಕಿಯನ್ನು ಐದು ಪಟ್ಟು ಹಿಗ್ಗಿಸುತ್ತೇವೆ, ಎಂಬತ್ತು ಸಲ ಬರುವ ಕ ಊರನ್ನು ಒಂದೂಕಾಲು ಪಟ್ಟು ಮಾತ್ರ. ಈ ಅಂದಾಜಿಗೆ ಹಾರ್ವಿಟ್ಜ್ ಮತ್ತು ಥಾಂಪ್ಸನ್ ಅವರ ಹೆಸರೇ ನಿಂತಿದೆ. ಆದರೆ 1951ರಲ್ಲೇ ಆರ್. ಡಿ. ನರೈನ್ ಅವರು ಭಾರತೀಯ ಕೃಷಿ ಸಂಖ್ಯಾಶಾಸ್ತ್ರ ಸೊಸೈಟಿಯ ನಿಯತಕಾಲಿಕೆಯಲ್ಲಿ ಇದನ್ನು ಬರೆದಿದ್ದರು. ಅದಕ್ಕಾಗಿ ಕೆಲವರು ಮೂವರ ಹೆಸರನ್ನೂ ಸೇರಿಸಿ ಹೇಳುತ್ತಾರೆ.

ನಿಜವಾದ ರಾಗಿ ವಿಸ್ತೀರ್ಣ ಕ ಊರಿನಲ್ಲಿ 200, ಖ ಊರಿನಲ್ಲಿ 156, ಗ ಊರಿನಲ್ಲಿ 92, ಘ ಊರಿನಲ್ಲಿ 60 ಹೆಕ್ಟೇರ್ ಇರಲಿ. ಒಟ್ಟು 508. ಸಮೀಕ್ಷೆ ಮಾಡುವವರಿಗೆ ಇದು ಗೊತ್ತಿರುವುದಿಲ್ಲ. ವಿಧಾನವನ್ನು ಪರೀಕ್ಷಿಸಲು ನಾವು ಮಾತ್ರ ತಿಳಿದುಕೊಂಡಿರೋಣ. ಪ್ರತಿಯೊಂದನ್ನೂ ಅದರ ಸಂಭವನೀಯತೆಯಿಂದ ಭಾಗಿಸಿದರೆ 250, 260, 230, 300 ಬರುತ್ತವೆ. ಇವನ್ನು ಹಿಗ್ಗಿದ ಅಂಕಿಗಳು ಎಂದು ಕರೆಯೋಣ. ಮುಂದಿನ ಲೆಕ್ಕವೆಲ್ಲ ಈ ನಾಲ್ಕರ ಸುತ್ತಲೇ ತಿರುಗುತ್ತದೆ.

ಮಡಕೆಯಲ್ಲಿ ನೂರು ಚೀಟಿ

ಈಗ ಆಯ್ಕೆ ನಡೆಯಬೇಕು. ಒಂದು ಮಡಕೆಯಲ್ಲಿ ನೂರು ಚೀಟಿ ಹಾಕಿ, ಒಂದೊಂದರ ಮೇಲೂ ಎರಡು ಊರಿನ ಹೆಸರು ಬರೆಯೋಣ. ಕ-ಖ ಎಂದು 43 ಚೀಟಿ, ಕ-ಗ ಎಂದು 25, ಕ-ಘ ಎಂದು 12, ಖ-ಗ ಎಂದು 12, ಖ-ಘ ಎಂದು 5, ಗ-ಘ ಎಂದು 3. ಒಂದು ಚೀಟಿ ಎತ್ತಿದರೆ ಎರಡು ಊರು ನಿರ್ಧಾರವಾದವು. ಕ ಊರಿನ ಹೆಸರಿರುವ ಚೀಟಿಗಳನ್ನು ಎಣಿಸಿ: 43, 25, 12 ಸೇರಿ 80. ನಾವು ಬಯಸಿದ 0.8 ಇದೇ. ಉಳಿದ ಮೂರು ಊರುಗಳಿಗೂ ಲೆಕ್ಕ ಹೊಂದುತ್ತದೆ.

ಎರಡು ಊರು ಒಟ್ಟಿಗೆ ಆಯ್ಕೆಯಾಗುವ ಸಂಭವನೀಯತೆಯೇ ಜಂಟಿ ಸಂಭವನೀಯತೆ. ಕ-ಖ ಜೋಡಿಗೆ ಅದು 0.43, ಗ-ಘ ಜೋಡಿಗೆ 0.03. ಇಲ್ಲಿ ಇಡೀ ಮಾದರಿಯೇ ಒಂದು ಜೋಡಿ, ಹಾಗಾಗಿ ಚೀಟಿಯ ಎಣಿಕೆಯಲ್ಲೇ ಅದು ಸಿಕ್ಕಿಬಿಟ್ಟಿತು. ಮಾದರಿಯಲ್ಲಿ ಐದೋ ಹತ್ತೋ ಊರುಗಳಿದ್ದರೆ, ಯಾವ ಯಾವ ಮಾದರಿಗಳಲ್ಲಿ ಈ ಎರಡೂ ಊರುಗಳಿವೆಯೋ ಅವೆಲ್ಲದರ ಸಂಭವನೀಯತೆಯನ್ನು ಕೂಡಬೇಕಾಗುತ್ತದೆ.

ಯಾವ ಚೀಟಿ ಬಂದರೆ ಅಂದಾಜು ಎಷ್ಟಾಗುತ್ತದೆ? ಹಿಗ್ಗಿದ ಅಂಕಿಗಳನ್ನು ಎರಡೆರಡಾಗಿ ಕೂಡಿದರೆ ಆಯಿತು. ಕ-ಖ ಬಂದರೆ 510, ಕ-ಗ ಬಂದರೆ 480, ಕ-ಘ ಬಂದರೆ 550, ಖ-ಗ ಬಂದರೆ 490, ಖ-ಘ ಬಂದರೆ 560, ಗ-ಘ ಬಂದರೆ 530. ಒಂದಾದರೂ ಸರಿಯಾಗಿ 508 ಇಲ್ಲ. ಆದರೆ ನೂರು ಚೀಟಿಗಳ ಸರಾಸರಿ ತೆಗೆದರೆ ಒಂದಿಷ್ಟೂ ಹೆಚ್ಚುಕಡಿಮೆಯಾಗದೆ 508 ಬರುತ್ತದೆ. ಅಂದಾಜು ಒಂದೇ ಕಡೆಗೆ ವಾಲುವುದಿಲ್ಲ ಎನ್ನುವುದರ ಅರ್ಥ ಇದು.

ಇನ್ನು ಏರುಪೇರು. ಪ್ರತಿ ಚೀಟಿಯ ಅಂದಾಜು 508ರಿಂದ ಎಷ್ಟು ದೂರವಿದೆ ಎಂದು ನೋಡಿ, ವರ್ಗ ಮಾಡಿ, ನೂರು ಚೀಟಿಗಳ ಮೇಲೆ ಸರಾಸರಿ ತೆಗೆದರೆ 598 ಬರುತ್ತದೆ. ಇದು ನಿಜವಾದ ವೇರಿಯನ್ಸ್. ಅದರ ವರ್ಗಮೂಲ ಸುಮಾರು 24.5 ಹೆಕ್ಟೇರ್, ಇದನ್ನು ಸ್ಟ್ಯಾಂಡರ್ಡ್ ಎರರ್ ಎನ್ನುತ್ತಾರೆ. ಒಟ್ಟು 508ರ ಅಂದಾಜು ಸಾಮಾನ್ಯವಾಗಿ ಸುಮಾರು 25 ಹೆಕ್ಟೇರಿನಷ್ಟು ಅತ್ತಿತ್ತ ಹೋಗಬಹುದು ಎಂದು ಓದಿಕೊಳ್ಳಬಹುದು.

ಎಲ್ಲ ಚೀಟಿಗಳೂ ಕಣ್ಣಮುಂದೆ ಇದ್ದುದರಿಂದ ಈ 598 ಸಿಕ್ಕಿತು. ಸಮೀಕ್ಷೆಗೆ ಹೊರಟವರ ಕೈಯಲ್ಲಿ ಇರುವುದು ಒಂದೇ ಚೀಟಿ. ಅದೊಂದರಿಂದಲೇ ಒಟ್ಟನ್ನೂ ಅಂದಾಜಿಸಬೇಕು, ಆ ಅಂದಾಜಿನ ಏರುಪೇರನ್ನೂ ಅಂದಾಜಿಸಬೇಕು. ತೊಡಕು ಹುಟ್ಟುವುದು ಎರಡನೆಯ ಕೆಲಸದಲ್ಲಿ.

ಒಂದೇ 598ಕ್ಕೆ ಎರಡು ದಾರಿ

ಹಾರ್ವಿಟ್ಜ್ ಮತ್ತು ಥಾಂಪ್ಸನ್ ಅವರ ಸೂತ್ರ ವೇರಿಯನ್ಸನ್ನು ಎರಡು ಭಾಗ ಮಾಡುತ್ತದೆ. ಮೊದಲ ಭಾಗ ಒಂಟಿ ಊರುಗಳದ್ದು. ಪ್ರತಿ ಊರಿನ ಹಿಗ್ಗಿದ ಅಂಕಿಯನ್ನು ವರ್ಗ ಮಾಡಿ, ಅದನ್ನು ಆ ಊರು ಆಯ್ಕೆಯಾಗುವ ಸಂಭವನೀಯತೆಯಿಂದಲೂ ಆಗದಿರುವ ಸಂಭವನೀಯತೆಯಿಂದಲೂ ಗುಣಿಸಿ ಕೂಡುವುದು. ನಮ್ಮ ನಾಲ್ಕು ಊರುಗಳಿಗೆ ಅದು 53,320. ಎರಡನೆಯ ಭಾಗ ಜೋಡಿಗಳದ್ದು. ಜಂಟಿ ಸಂಭವನೀಯತೆಯಿಂದ ಬಿಡಿ ಸಂಭವನೀಯತೆಗಳ ಗುಣಲಬ್ಧವನ್ನು ಕಳೆದು, ಎರಡೂ ಊರಿನ ಹಿಗ್ಗಿದ ಅಂಕಿಗಳಿಂದ ಗುಣಿಸಿ, ಎಲ್ಲ ಜೋಡಿಗಳಿಗೂ ಕೂಡಿ, ಎರಡರಿಂದ ಗುಣಿಸುವುದು. ಅದು ಮೈನಸ್ 52,722. ಎರಡನ್ನೂ ಸೇರಿಸಿದರೆ 598. ಉತ್ತರ ಸರಿಯಾಗಿದೆ.

ಆದರೆ ಆ ಸಂಖ್ಯೆಗಳ ಗಾತ್ರವನ್ನು ಗಮನಿಸಬೇಕು. ಐವತ್ತು ಸಾವಿರಕ್ಕೂ ಮೀರಿದ ಎರಡು ಮೊತ್ತಗಳು ಒಂದನ್ನೊಂದು ಬಹುಪಾಲು ಹೊಡೆದುಹಾಕಿ ಆರುನೂರರಷ್ಟು ಚೂರು ಉಳಿದಿದೆ. ಎಲ್ಲ ಊರುಗಳ ಅಂಕಿಯೂ ಗೊತ್ತಿದ್ದಾಗ ಈ ಹೊಡೆದುಹಾಕುವಿಕೆ ಕರಾರುವಾಕ್ಕಾಗಿ ನಡೆಯುತ್ತದೆ. ಎರಡೇ ಊರು ಗೊತ್ತಿದ್ದು, ಎರಡೂ ಭಾಗಗಳನ್ನು ಬೇರೆ ಬೇರೆಯಾಗಿ ಅಂದಾಜಿಸಿದಾಗ ಅದು ನಡೆಯುವ ಭರವಸೆ ಇಲ್ಲ.

ಸೆನ್, ಯೇಟ್ಸ್ ಮತ್ತು ಗ್ರಂಡಿ ಇದೇ ವೇರಿಯನ್ಸನ್ನು ಇನ್ನೊಂದು ರೂಪದಲ್ಲಿ ಬರೆದರು:

```
V = Σ (πi·πj − πij) · (yi/πi − yj/πj)²      (i < j)
```

ಇಲ್ಲಿ πi, πj ಬಿಡಿ ಸಂಭವನೀಯತೆಗಳು, πij ಜಂಟಿ ಸಂಭವನೀಯತೆ, y ಊರಿನ ರಾಗಿ ವಿಸ್ತೀರ್ಣ. ಮೊತ್ತ ಎಲ್ಲ ಜೋಡಿಗಳ ಮೇಲೆ. ಎರಡನೆಯ ಆವರಣದಲ್ಲಿರುವುದು ಹಿಗ್ಗಿದ ಅಂಕಿಗಳ ವ್ಯತ್ಯಾಸ ಮಾತ್ರ.

ನಮ್ಮ ಊರುಗಳಿಗೆ ಹಾಕಿ ನೋಡೋಣ. ಕ-ಖ ಜೋಡಿಯಲ್ಲಿ 0.8 ಮತ್ತು 0.6ರ ಗುಣಲಬ್ಧ 0.48, ಅದರಿಂದ 0.43 ಕಳೆದರೆ 0.05. ಹಿಗ್ಗಿದ ಅಂಕಿಗಳ ವ್ಯತ್ಯಾಸ 10, ಅದರ ವರ್ಗ 100. ಜೋಡಿಯ ಪಾಲು 5. ಇದೇ ರೀತಿ ಕ-ಗ ಜೋಡಿಯಿಂದ 28, ಕ-ಘ ಜೋಡಿಯಿಂದ 100, ಖ-ಗ ಜೋಡಿಯಿಂದ 108, ಖ-ಘ ಜೋಡಿಯಿಂದ 112, ಗ-ಘ ಜೋಡಿಯಿಂದ 245. ಕೂಡಿದರೆ ಮತ್ತೆ ಅದೇ 598. ಈ ಸಲ ದೈತ್ಯ ಮೊತ್ತಗಳು ಬರಲಿಲ್ಲ, ಕಳೆಯುವಿಕೆಯೂ ಬೇಕಾಗಲಿಲ್ಲ.

ಎರಡು ರೂಪಗಳನ್ನು ಬೆಸೆಯುವುದು ಒಂದು ಸಣ್ಣ ಸತ್ಯ. ಕ ಊರು ಆಯ್ಕೆಯಾದಾಗಲೆಲ್ಲ ಅದರ ಜೊತೆಗೆ ಇನ್ನೊಂದು ಊರು ಇರಲೇಬೇಕು, ಒಂದೇ ಒಂದು ಊರು. ಹಾಗಾಗಿ ಕ ಊರಿನ ಮೂರು ಜಂಟಿ ಸಂಭವನೀಯತೆಗಳನ್ನು ಕೂಡಿದರೆ ಕ ಊರಿನದೇ 0.8 ಬರಬೇಕು. ಮಾದರಿಯಲ್ಲಿ n ಊರುಗಳಿದ್ದರೆ ಈ ಮೊತ್ತ ಬಿಡಿ ಸಂಭವನೀಯತೆಯ n−1 ಪಟ್ಟು ಆಗುತ್ತದೆ. ಇದರ ಫಲವನ್ನು ಅಂಕಿಯಲ್ಲೇ ಕಾಣಬಹುದು. ಕ ಊರಿನ ಮೂರು ಜೋಡಿಗಳ ಗುಣಾಂಕಗಳು 0.05, 0.07, 0.04. ಅವುಗಳ ಮೊತ್ತ 0.16, ಅಂದರೆ 0.8 ಗುಣಿಸು 0.2. ಹಳೆಯ ಸೂತ್ರದ ಮೊದಲ ಭಾಗದಲ್ಲಿ ಕ ಊರಿಗೆ ಸಿಕ್ಕ ಗುಣಾಂಕವೂ ಇದೇ. ಹೀಗೆ ಒಂಟಿ ಊರಿನ ಭಾಗವನ್ನು ಪೂರ್ತಿಯಾಗಿ ಜೋಡಿಗಳಿಗೆ ಹಂಚಿಬಿಡಬಹುದು. ಹಂಚಿದ ಮೇಲೆ ಪ್ರತಿ ಜೋಡಿಯಲ್ಲೂ ಒಂದು ವರ್ಗ, ಇನ್ನೊಂದು ವರ್ಗ, ಅವುಗಳ ಗುಣಲಬ್ಧದ ಎರಡು ಪಟ್ಟು ಕಳೆದದ್ದು ಎಂದು ಸಿಗುತ್ತದೆ. ಶಾಲೆಯಲ್ಲಿ ಕಲಿತ ವ್ಯತ್ಯಾಸದ ವರ್ಗವೇ ಅದು.

ಮಾದರಿಯ ಗಾತ್ರ ನಿಶ್ಚಿತವಾಗಿರದಿದ್ದರೆ ಈ ಹಂಚಿಕೆ ನಡೆಯುವುದಿಲ್ಲ. ಆ ನಿಶ್ಚಿತತೆಯ ಬೆಲೆ ಎಷ್ಟು ಎಂದೂ ಇಲ್ಲಿ ಕಾಣುತ್ತದೆ. ಪ್ರತಿ ಊರಿಗೂ ಬೇರೆ ಬೇರೆ ಚೀಟಿ ಎತ್ತಿ, ಒಂದರ ಆಯ್ಕೆಗೂ ಇನ್ನೊಂದರದಕ್ಕೂ ಸಂಬಂಧವಿಲ್ಲದಂತೆ ಮಾಡಿದರೆ ಒಮ್ಮೆ ನಾಲ್ಕೂ ಊರು ಬರಬಹುದು, ಒಮ್ಮೆ ಒಂದೂ ಬಾರದಿರಬಹುದು. ಆಗ ವೇರಿಯನ್ಸ್ ಹಳೆಯ ಸೂತ್ರದ ಮೊದಲ ಭಾಗವಷ್ಟೇ ಆಗುತ್ತದೆ: 53,320. ಸ್ಟ್ಯಾಂಡರ್ಡ್ ಎರರ್ ಸುಮಾರು 231 ಹೆಕ್ಟೇರ್. ಸಂಭವನೀಯತೆಗಳು ಅವೇ ಇದ್ದರೂ, ಎರಡೇ ಊರು ಎಂದು ಗಟ್ಟಿ ಮಾಡಿದ್ದರಿಂದ ಅದು 231ರಿಂದ 24.5ಕ್ಕೆ ಇಳಿದಿದೆ.

ಒಂದೇ ಚೀಟಿ ಹಿಡಿದು ನಿಂತಾಗ

ಈಗ ಕ್ಷೇತ್ರಕ್ಕೆ ಹೋದವರ ಸ್ಥಿತಿಗೆ ಬರೋಣ. ಜೋಡಿಯ ಪಾಲನ್ನು ಆ ಜೋಡಿಯ ಜಂಟಿ ಸಂಭವನೀಯತೆಯಿಂದ ಭಾಗಿಸಿದರೆ ಅದು ವೇರಿಯನ್ಸಿನ ಅಂದಾಜಾಗುತ್ತದೆ. ಒಟ್ಟನ್ನು ಅಂದಾಜಿಸಲು ಊರಿನ ಅಂಕಿಯನ್ನು ಊರಿನ ಸಂಭವನೀಯತೆಯಿಂದ ಭಾಗಿಸಿದ ಹಾಗೆಯೇ ಇದೂ.

ಖ-ಗ ಚೀಟಿ ಬಂದಿದೆ ಎನ್ನಿ. ಸೆನ್, ಯೇಟ್ಸ್, ಗ್ರಂಡಿ ರೂಪದಲ್ಲಿ 108ನ್ನು 0.12ರಿಂದ ಭಾಗಿಸಿದರೆ ವೇರಿಯನ್ಸ್ 900, ಸ್ಟ್ಯಾಂಡರ್ಡ್ ಎರರ್ 30. ನಿಜವಾದ 24.5ಕ್ಕೆ ಹತ್ತಿರದ ಉತ್ತರ. ಅದೇ ಚೀಟಿಗೆ ಹಾರ್ವಿಟ್ಜ್ ಮತ್ತು ಥಾಂಪ್ಸನ್ ರೂಪ ಕೊಡುವ ಉತ್ತರ ಮೈನಸ್ 60,820. ವರ್ಗಮೂಲವನ್ನೇ ತೆಗೆಯಲಾಗದು. ಖ-ಘ ಚೀಟಿಗೆ ಅದು ಮೈನಸ್ 1,19,360, ಗ-ಘ ಚೀಟಿಗೆ ಮೈನಸ್ 1,26,260. ಈ ಮೂರು ಬಗೆಯ ಚೀಟಿಗಳು ಸೇರಿ ಇಪ್ಪತ್ತು. ಅಂದರೆ ಐದರಲ್ಲಿ ಒಂದು ಸಲ ಸೂತ್ರ ಅರ್ಥಹೀನ ಉತ್ತರ ಕೊಡುತ್ತದೆ.

ಉಳಿದ ಎಂಬತ್ತು ಚೀಟಿಗಳಲ್ಲಿ ಉತ್ತರ ಧನಸಂಖ್ಯೆಯಾಗಿರುತ್ತದೆ. ಆದರೆ ಅಪಾಯ ಅಲ್ಲಿ ಇನ್ನೂ ಹೆಚ್ಚು, ಏಕೆಂದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕ-ಖ ಬಂದರೆ ಅದು ಸುಮಾರು 24,424 ಎನ್ನುತ್ತದೆ. ಸ್ಟ್ಯಾಂಡರ್ಡ್ ಎರರ್ ಸುಮಾರು 156 ಹೆಕ್ಟೇರ್, ನಿಜಕ್ಕಿಂತ ಆರು ಪಟ್ಟು. ನೋಡುವವರಿಗೆ ಅನುಮಾನ ಹುಟ್ಟಿಸುವಂಥದ್ದು ಅದರಲ್ಲಿ ಏನೂ ಇಲ್ಲ. ನೂರು ಚೀಟಿಗಳ ಮೇಲೆ ಸರಾಸರಿ ತೆಗೆದರೆ ಎರಡೂ ಸೂತ್ರಗಳಿಗೆ 598 ಬರುತ್ತದೆ, ಗಣಿತದ ಅರ್ಥದಲ್ಲಿ ಎರಡೂ ಪಕ್ಷಪಾತವಿಲ್ಲದವು. ಆದರೆ ಕೈಯಲ್ಲಿರುವುದು ಒಂದೇ ಚೀಟಿಯಾದಾಗ ಸರಾಸರಿಯ ಸತ್ಯದಿಂದ ಉಪಯೋಗವಿಲ್ಲ.

ಹಳೆಯ ರೂಪ ಏಕೆ ಹೀಗೆ ಎಡವುತ್ತದೆ ಎಂಬುದನ್ನು ಒಂದು ಪ್ರಶ್ನೆಯಿಂದ ತಿಳಿಯಬಹುದು. ನಾಲ್ಕೂ ಊರಿನ ಹಿಗ್ಗಿದ ಅಂಕಿ 250 ಆಗಿದ್ದರೆ? ಅಂದರೆ ರಾಗಿ ಭೂಮಿಗೆ ಸರಿಯಾದ ಪ್ರಮಾಣದಲ್ಲೇ ಇದ್ದರೆ? ಆಗ ಯಾವ ಚೀಟಿ ಬಂದರೂ ಅಂದಾಜು 500, ನಿಜವಾದ ಒಟ್ಟೂ 500, ಏರುಪೇರು ಸೊನ್ನೆ. ವ್ಯತ್ಯಾಸಗಳನ್ನು ನೋಡುವ ಸೂತ್ರ ಪ್ರತಿ ಚೀಟಿಗೂ ಸೊನ್ನೆ ಎಂದೇ ಹೇಳುತ್ತದೆ. ಹಳೆಯ ರೂಪಕ್ಕೆ ಖ-ಗ ಚೀಟಿ ಕೊಟ್ಟರೆ ಮೈನಸ್ 62,500 ಬರುತ್ತದೆ. ಅಂಕಿಗಳು ಪರಸ್ಪರ ಎಷ್ಟು ಭಿನ್ನ ಎಂಬುದಕ್ಕಿಂತ ಅವು ಎಷ್ಟು ದೊಡ್ಡವು ಎಂಬುದಕ್ಕೆ ಅದು ಸ್ಪಂದಿಸುತ್ತದೆ. ಗಾತ್ರ ನಿಶ್ಚಿತವಾದ ಮಾದರಿಯಲ್ಲಿ ಅಂಕಿಗಳ ದೊಡ್ಡತನದಿಂದ ಏರುಪೇರು ಹುಟ್ಟುವುದೇ ಇಲ್ಲ.

ಆರ್ ಭಾಷೆಯಲ್ಲಿ ಸಮೀಕ್ಷೆಯ ಲೆಕ್ಕ ಮಾಡುವವರು ಥಾಮಸ್ ಲಮ್ಲಿ ಅವರ `survey` ಪ್ಯಾಕೇಜನ್ನು ಬಳಸುತ್ತಾರೆ. ಖ-ಗ ಚೀಟಿಯ ಲೆಕ್ಕ ಅದರಲ್ಲಿ ಹೀಗಿರುತ್ತದೆ:

```r
library(survey)
d <- data.frame(y = c(156, 92), p = c(0.6, 0.4))
J <- matrix(c(0.6, 0.12, 0.12, 0.4), 2)
des <- svydesign(id = ~1, fpc = ~p, data = d,
                 pps = ppsmat(J), variance = "YG")
svytotal(~y, des)
```

`J` ಎಂಬುದು ಜಂಟಿ ಸಂಭವನೀಯತೆಗಳ ಕೋಷ್ಟಕ, ಅದರ ಕರ್ಣದಲ್ಲಿ ಬಿಡಿ ಸಂಭವನೀಯತೆಗಳಿವೆ. `variance = "YG"` ಎಂಬ ಮಾತನ್ನು ಮರೆಯಬಾರದು. ಅದನ್ನು ಬರೆಯದಿದ್ದರೆ ಪ್ಯಾಕೇಜು ತಾನಾಗಿ ಹಾರ್ವಿಟ್ಜ್ ಮತ್ತು ಥಾಂಪ್ಸನ್ ರೂಪವನ್ನೇ ಬಳಸುತ್ತದೆ.

ಜಂಟಿ ಸಂಭವನೀಯತೆ ಸೊನ್ನೆಯಾದರೆ

ಹೊಸ ರೂಪವೂ ಎಲ್ಲ ಕಾಲಕ್ಕೂ ಕೈಹಿಡಿಯುವುದಿಲ್ಲ. ಅದರ ಆರೋಗ್ಯವೆಲ್ಲ ಜಂಟಿ ಸಂಭವನೀಯತೆಗಳ ಮೇಲೆ ನಿಂತಿದೆ. ಅದಕ್ಕೆ ಕಠಿಣ ಪರೀಕ್ಷೆ ಎದುರಾಗುವುದು ಬಹು ಜನಪ್ರಿಯವಾದ ಕ್ರಮಬದ್ಧ ಆಯ್ಕೆಯಲ್ಲಿ.

ಆ ವಿಧಾನ ಹೀಗಿದೆ. ಊರುಗಳನ್ನು ಪಟ್ಟಿಯ ಕ್ರಮದಲ್ಲಿ ಒಂದು ಗೆರೆಯ ಮೇಲೆ ಸಾಲಾಗಿ ಇಡುವುದು, ಪ್ರತಿಯೊಂದಕ್ಕೂ ಅದರ ಸಂಭವನೀಯತೆಯಷ್ಟೇ ಉದ್ದ. ಕ ಊರು ಸೊನ್ನೆಯಿಂದ 0.8ರವರೆಗೆ, ಖ ಊರು 1.4ರವರೆಗೆ, ಗ ಊರು 1.8ರವರೆಗೆ, ಘ ಊರು 2ರವರೆಗೆ. ಸೊನ್ನೆಯಿಂದ ಒಂದರ ನಡುವೆ ಯಾವುದೋ ಒಂದು ಬಿಂದುವನ್ನು ಯಾದೃಚ್ಛಿಕವಾಗಿ ಹಿಡಿದು, ಅದು ಬಿದ್ದ ಊರನ್ನೂ, ಅಲ್ಲಿಂದ ಸರಿಯಾಗಿ ಒಂದು ಮಾನ ಮುಂದಿರುವ ಊರನ್ನೂ ಆರಿಸುವುದು. ಕಾಗದ ಪೆನ್ನಿನಲ್ಲಿ ಮಾಡಬಹುದಾದ ಕೆಲಸ, ಊರು ನೂರಾರಿದ್ದರೂ ಕಷ್ಟವಿಲ್ಲ.

ಆದರೆ ಹೀಗೆ ಮಾಡಿದರೆ ಮೂರೇ ಜೋಡಿಗಳು ಬರಬಲ್ಲವು: ಕ-ಖ ನೂರರಲ್ಲಿ 40 ಸಲ, ಕ-ಗ 40 ಸಲ, ಖ-ಘ 20 ಸಲ. ಉಳಿದ ಮೂರು ಜೋಡಿಗಳು ಎಂದೆಂದಿಗೂ ಒಟ್ಟಿಗೆ ಬರುವುದಿಲ್ಲ. ಬಿಡಿ ಸಂಭವನೀಯತೆಗಳು ಮಾತ್ರ ಮೊದಲಿನಂತೆಯೇ 0.8, 0.6, 0.4, 0.2. ಸರಾಸರಿಯೂ 508. ನಿಜವಾದ ವೇರಿಯನ್ಸ್ ಈಗ 856.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಊರಿನ ತೂಕ, ಅಂದರೆ ಸಂಭವನೀಯತೆಯ ತಲೆಕೆಳಗು, ಎರಡೂ ಆಯ್ಕೆಗಳಲ್ಲಿ ಒಂದೇ. ಏರುಪೇರು ಒಂದರಲ್ಲಿ 598, ಇನ್ನೊಂದರಲ್ಲಿ 856. ಹಾಗಾಗಿ ತೂಕಗಳನ್ನು ಮಾತ್ರ ಕೊಟ್ಟರೆ ಯಾರಿಗೂ ಸರಿಯಾದ ಏರುಪೇರನ್ನು ಹೇಳಲು ಬರುವುದಿಲ್ಲ. ಆಯ್ಕೆ ಹೇಗೆ ನಡೆಯಿತು ಎಂಬುದರ ಕುರುಹು ಉಳಿದಿರುವುದು ಜಂಟಿ ಸಂಭವನೀಯತೆಗಳಲ್ಲಿ.

ಎರಡನೆಯದು ಇನ್ನೂ ಗಂಭೀರ. ಎಂದೂ ಒಟ್ಟಿಗೆ ಬಾರದ ಮೂರು ಜೋಡಿಗಳು ಈ 856ರ ಲೆಕ್ಕದಲ್ಲಿ ಹೊತ್ತಿರುವ ಪಾಲು 1,008. ಬರಬಲ್ಲ ಮೂರು ಜೋಡಿಗಳದ್ದು ಮೈನಸ್ 152. ಮಾದರಿಯಲ್ಲಿ ಕಾಣಿಸುವವು ಈ ಎರಡನೆಯವು ಮಾತ್ರ. ಹಾಗಾಗಿ ವೇರಿಯನ್ಸಿನ ಅಂದಾಜು ಸರಾಸರಿಯಲ್ಲಿಯೂ ಮೈನಸ್ 152ಕ್ಕೇ ನಿಲ್ಲುತ್ತದೆ. ಖ-ಘ ಬಂದರೆ ಮೈನಸ್ 640. ನಾವು ಎಂದೂ ಜೊತೆಯಾಗಿ ನೋಡಲಾರದ ಊರುಗಳ ವ್ಯತ್ಯಾಸವನ್ನು ಯಾವ ಸೂತ್ರವೂ ಮಾದರಿಯಿಂದ ಹೊರತೆಗೆಯಲಾರದು.

ಹೊಸ ರೂಪವೂ ಋಣಸಂಖ್ಯೆ ಕೊಟ್ಟದ್ದಕ್ಕೆ ಕಾರಣ ಸೂತ್ರದಲ್ಲೇ ಕಾಣುತ್ತದೆ. ಜಂಟಿ ಸಂಭವನೀಯತೆ ಬಿಡಿ ಸಂಭವನೀಯತೆಗಳ ಗುಣಲಬ್ಧವನ್ನು ಮೀರಿದರೆ ಮೊದಲ ಆವರಣ ಋಣವಾಗುತ್ತದೆ. ಕ್ರಮಬದ್ಧ ಆಯ್ಕೆಯಲ್ಲಿ ಕ-ಗ ಜೋಡಿಯ ಗುಣಲಬ್ಧ 0.32, ಜಂಟಿ ಸಂಭವನೀಯತೆ 0.40. ಚೀಟಿಗಳ ಮಡಕೆಯಲ್ಲಿ ಆರೂ ಜೋಡಿಗಳು ಗುಣಲಬ್ಧಕ್ಕಿಂತ ಕೆಳಗಿದ್ದವು, ಆದ್ದರಿಂದಲೇ ಅಲ್ಲಿ ಉತ್ತರ ಎಂದೂ ಋಣವಾಗಲಿಲ್ಲ. ಹಾಗೆಂದು ಎರಡೇ ಊರಿನ ಮಾದರಿಯಿಂದ ಬಂದ ವೇರಿಯನ್ಸನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕ-ಖ ಚೀಟಿಗೆ ಅದು ಬರೀ 11.6, ಅಪರೂಪದ ಗ-ಘ ಚೀಟಿಗೆ ಸುಮಾರು 8,167. ಮಾದರಿ ದೊಡ್ಡದಾಗಿ ಜೋಡಿಗಳ ಸಂಖ್ಯೆ ಹೆಚ್ಚಿದಂತೆ ಈ ಹಾರಾಟ ತಗ್ಗುತ್ತದೆ.

1960ರ ದಶಕದ ಬಹಳಷ್ಟು ಸಂಶೋಧನೆ ಹೋದದ್ದು ಇಂಥ ಒಳ್ಳೆಯ ಮಡಕೆಗಳನ್ನು ಹುಡುಕಲು: ಬಿಡಿ ಸಂಭವನೀಯತೆಗಳು ಬೇಕಾದಂತೆಯೇ ಇರಬೇಕು, ಯಾವ ಜೋಡಿಯೂ ಸೊನ್ನೆಯಾಗಬಾರದು, ಯಾವುದೂ ಗುಣಲಬ್ಧವನ್ನು ಮೀರಬಾರದು, ಜಂಟಿ ಸಂಭವನೀಯತೆಯನ್ನು ಲೆಕ್ಕ ಹಾಕಲೂ ಬರಬೇಕು. ಎರಡು ಘಟಕಗಳ ಮಾದರಿಗೆ 1963ರಲ್ಲಿ ಕೆನ್ ಬ್ರೂವರ್ ಅಂಥ ವಿಧಾನ ಕೊಟ್ಟರು, ಎಷ್ಟೇ ಘಟಕಗಳಿಗೂ ಒಗ್ಗುವುದನ್ನು 1967ರಲ್ಲಿ ಸ್ಯಾಂಪ್‌ಫರ್ಡ್ ಕೊಟ್ಟರು.

ಕೈಯಲ್ಲಿ ಕೋಷ್ಟಕ ಇಲ್ಲದಿದ್ದರೆ

ನೂರು ಊರುಗಳ ಮಾದರಿಯಲ್ಲಿ 4,950 ಜೋಡಿಗಳಿರುತ್ತವೆ. ಸಮೀಕ್ಷೆಯ ಅಂಕಿಅಂಶ ಹಂಚುವಾಗ ಆ ಕೋಷ್ಟಕವನ್ನು ಜೊತೆಗಿಡುವುದು ಅಪರೂಪ, ತೂಕಗಳನ್ನು ಮಾತ್ರ ಕೊಡುವುದು ವಾಡಿಕೆ. ಅಂಥ ಸಂದರ್ಭಕ್ಕೆ ಎಚ್. ಒ. ಹಾರ್ಟ್ಲಿ ಮತ್ತು ಜೆ. ಎನ್. ಕೆ. ರಾವ್ 1962ರಲ್ಲಿ, ಯಾರೊಸ್ಲಾವ್ ಹಾಯೆಕ್ 1964ರಲ್ಲಿ, ಬಿಡಿ ಸಂಭವನೀಯತೆಗಳಿಂದಲೇ ಏರುಪೇರನ್ನು ಸುಮಾರಾಗಿ ಪಡೆಯುವ ದಾರಿ ತೋರಿಸಿದರು. ಹಾರ್ಟ್ಲಿ ಮತ್ತು ರಾವ್ ಅವರ ದಾರಿಯಲ್ಲಿ ಕ್ರಮಬದ್ಧ ಆಯ್ಕೆಗೆ ಮೊದಲು ಪಟ್ಟಿಯನ್ನು ಯಾದೃಚ್ಛಿಕವಾಗಿ ಕಲಸುತ್ತಾರೆ. ಪಟ್ಟಿಯ ಕ್ರಮ ಪ್ರತಿ ಸಲ ಬದಲಾಗುವುದರಿಂದ ನಮ್ಮ ನಾಲ್ಕು ಊರುಗಳಲ್ಲಿ ಆದಂತೆ ಒಂದೇ ಕ್ರಮಕ್ಕೆ ಕಟ್ಟುಬಿದ್ದು ಜೋಡಿಗಳು ಕಳೆದುಹೋಗುವ ತೊಂದರೆ ತಗ್ಗುತ್ತದೆ.

ಇನ್ನೂ ಸರಳವಾದದ್ದು, ಆರಿಸಿದ ಊರನ್ನು ಮತ್ತೆ ಪಟ್ಟಿಗೆ ಸೇರಿಸಿ ಎರಡನೆಯದನ್ನು ಆರಿಸಿದಂತೆ ಭಾವಿಸುವುದು. 1943ರಲ್ಲಿ ಮಾರಿಸ್ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಜ್ ಕೊಟ್ಟ ಸೂತ್ರ ಅದು, ಅದಕ್ಕೆ ಜಂಟಿ ಸಂಭವನೀಯತೆಯೇ ಬೇಡ. ಎರಡು ಊರಿನ ಮಾದರಿಗೆ ಅದು ಹಿಗ್ಗಿದ ಅಂಕಿಗಳ ವ್ಯತ್ಯಾಸದ ವರ್ಗವಷ್ಟೇ. ನಮ್ಮ ನೂರು ಚೀಟಿಗಳ ಮೇಲೆ ಅದರ ಸರಾಸರಿ 778 ಬರುತ್ತದೆ, ನಿಜವಾದ 598ಕ್ಕಿಂತ ಹೆಚ್ಚು. ಅಂದಾಜು ಇರುವುದಕ್ಕಿಂತ ಕಡಿಮೆ ನಂಬಲರ್ಹ ಎಂದು ಹೇಳುವ ತಪ್ಪು ಇದು. ಅತಿ ವಿಶ್ವಾಸಕ್ಕಿಂತ ಇದು ಲೇಸು ಎಂದು ಬಹಳ ಸಮೀಕ್ಷಕರು ಇದನ್ನೇ ಒಪ್ಪುತ್ತಾರೆ. ಒಟ್ಟು ಊರುಗಳಲ್ಲಿ ಸಣ್ಣ ಪಾಲನ್ನು ಮಾತ್ರ ಆರಿಸಿದಾಗ ಎರಡರ ಅಂತರವೂ ಸಾಮಾನ್ಯವಾಗಿ ಚಿಕ್ಕದು.

ಗಾತ್ರ ನಿಶ್ಚಿತ ಎಂಬ ಷರತ್ತು

ಸೆನ್, ಯೇಟ್ಸ್, ಗ್ರಂಡಿ ರೂಪವನ್ನು ಎಲ್ಲಿ ಬಳಸಬಾರದು ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಪ್ರತಿ ಊರಿಗೂ ಬೇರೆ ಬೇರೆಯಾಗಿ ಚೀಟಿ ಎತ್ತುವ ಆಯ್ಕೆಯಲ್ಲಿ ಜಂಟಿ ಸಂಭವನೀಯತೆ ಬಿಡಿ ಸಂಭವನೀಯತೆಗಳ ಗುಣಲಬ್ಧಕ್ಕೆ ಸಮ. ಹೊಸ ರೂಪದ ಮೊದಲ ಆವರಣ ಎಲ್ಲ ಜೋಡಿಗಳಿಗೂ ಸೊನ್ನೆಯಾಗಿ, ಏರುಪೇರೇ ಇಲ್ಲ ಎಂದು ಅದು ಹೇಳಿಬಿಡುತ್ತದೆ. ನಿಜವಾದ ಉತ್ತರ 53,320. ಅಲ್ಲಿ ಹಾರ್ವಿಟ್ಜ್ ಮತ್ತು ಥಾಂಪ್ಸನ್ ರೂಪವೇ ಸರಿ.

ಕ್ಷೇತ್ರದಲ್ಲಿ ಈ ಷರತ್ತು ಸದ್ದಿಲ್ಲದೆ ಮುರಿಯುತ್ತದೆ. ಆರಿಸಿದ ಹತ್ತು ಊರುಗಳಲ್ಲಿ ಎರಡಕ್ಕೆ ಹೋಗಲಾಗಲಿಲ್ಲ, ಇನ್ನೊಂದರ ಹಾಳೆ ಕಳೆದುಹೋಯಿತು ಎಂದಾದರೆ ಉಳಿದ ಏಳನ್ನು ನಿಶ್ಚಿತ ಗಾತ್ರದ ಮಾದರಿ ಎಂದು ಕರೆಯುವಂತಿಲ್ಲ. ಯೋಜನೆ ಹತ್ತು ಎಂದಿತ್ತು, ಏಳು ಎಂದಲ್ಲ. ಆಯ್ಕೆಯ ಏರುಪೇರಿನ ಮೇಲೆ ಉತ್ತರ ಸಿಗದಿರುವ ಏರುಪೇರೂ ಸೇರಿಕೊಂಡಿರುತ್ತದೆ, ಅದನ್ನು ಬೇರೆಯಾಗಿಯೇ ಲೆಕ್ಕಕ್ಕೆ ತರಬೇಕು.

ಹಾಗಾಗಿ ಯಾರಾದರೂ ಜಂಟಿ ಸಂಭವನೀಯತೆಗಳ ಕೋಷ್ಟಕ ತಂದುಕೊಟ್ಟರೆ ಲೆಕ್ಕಕ್ಕೆ ಇಳಿಯುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಇಡೀ ಪಟ್ಟಿಯ ಬಿಡಿ ಸಂಭವನೀಯತೆಗಳನ್ನು ಕೂಡಿದರೆ ಮಾದರಿಯ ಗಾತ್ರ ಬರುತ್ತದೆಯೇ? ಪ್ರತಿ ಊರಿನ ಸಾಲಿನಲ್ಲಿ ಉಳಿದೆಲ್ಲ ಊರುಗಳ ಜೊತೆಗಿನ ಜಂಟಿ ಸಂಭವನೀಯತೆಗಳ ಮೊತ್ತ ಆ ಊರಿನ ಸಂಭವನೀಯತೆಯ n−1 ಪಟ್ಟು ಇದೆಯೇ? ಎಲ್ಲಾದರೂ ಸೊನ್ನೆ ಕೂತಿದೆಯೇ? ಯಾವುದಾದರೂ ಜೋಡಿ ತನ್ನ ಗುಣಲಬ್ಧವನ್ನು ಮೀರಿದೆಯೇ? ಮೊದಲ ಎರಡಕ್ಕೆ ಇಲ್ಲ ಎಂಬ ಉತ್ತರ ಬಂದರೆ ಗಾತ್ರ ನಿಶ್ಚಿತವಲ್ಲ ಅಥವಾ ಕೋಷ್ಟಕವೇ ತಪ್ಪು. ಮೂರನೆಯದಕ್ಕೆ ಹೌದು ಎಂದರೆ ಪಕ್ಷಪಾತವಿಲ್ಲದ ವೇರಿಯನ್ಸ್ ಅಂದಾಜು ಸಿಗುವ ಆಸೆ ಬಿಡಬೇಕು. ನಾಲ್ಕನೆಯದಕ್ಕೆ ಹೌದು ಎಂದರೆ ಋಣ ವೇರಿಯನ್ಸಿಗೆ ಸಿದ್ಧರಾಗಿರಬೇಕು.

ಇವೆಲ್ಲ ಸರಿಯಿದ್ದರೂ ಕೊನೆಯ ಮಾತು ಹಿಗ್ಗಿದ ಅಂಕಿಗಳದ್ದೇ. 1971ರಲ್ಲಿ ದೇಬಬ್ರತ ಬಸು ಇದನ್ನು ಸರ್ಕಸ್ಸಿನ ಕಥೆಯಾಗಿ ಹೇಳಿದರು. ಐವತ್ತು ಆನೆಗಳ ಒಟ್ಟು ತೂಕ ತಿಳಿಯಲು ಒಂದನ್ನು ಮಾತ್ರ ತೂಗಬೇಕು. ಸರಾಸರಿ ಗಾತ್ರದ ಸಾಂಬೊಗೆ ನೂರರಲ್ಲಿ 99 ಪಾಲು ಅವಕಾಶ, ಉಳಿದ 49 ಆನೆಗಳಿಗೆ ತಲಾ 4,900ರಲ್ಲಿ ಒಂದು ಪಾಲು. ಸಾಂಬೊ ಬಂದರೆ ಇಡೀ ಹಿಂಡಿನ ಅಂದಾಜು ಅದೊಂದರ ತೂಕಕ್ಕಿಂತ ಚೂರು ಹೆಚ್ಚು. ಎಲ್ಲಕ್ಕಿಂತ ದೊಡ್ಡ ಜಂಬೊ ಬಂದರೆ ಅದರ ತೂಕದ 4,900 ಪಟ್ಟು. ಸೂತ್ರದ ಪ್ರಕಾರ ಪಕ್ಷಪಾತವಿಲ್ಲ, ಮಾದರಿಯ ಗಾತ್ರವೂ ಒಂದು ಎಂದು ನಿಶ್ಚಿತ. ಆದರೆ ಅವಕಾಶ ಹಂಚಿದ ರೀತಿಗೂ ಆನೆಗಳ ತೂಕಕ್ಕೂ ಸಂಬಂಧವಿಲ್ಲ. ಹಿಗ್ಗಿದ ಅಂಕಿಗಳು ಒಂದರಿಂದೊಂದು ಸಾವಿರಾರು ಪಟ್ಟು ದೂರ ಚಿಮ್ಮಿವೆ, ವ್ಯತ್ಯಾಸದ ವರ್ಗ ಅದನ್ನು ಇನ್ನಷ್ಟು ಬೆಳೆಸುತ್ತದೆ. ತೂಗುವುದು ಒಂದೇ ಆನೆಯನ್ನಾದ್ದರಿಂದ ಎಲ್ಲ ಜಂಟಿ ಸಂಭವನೀಯತೆಗಳೂ ಸೊನ್ನೆ. ಹಾಗಾಗಿ ಆ ಭಾರಿ ಏರುಪೇರು ಆ ಒಂದು ಮಾದರಿಯಲ್ಲಿ ಕಾಣಿಸುವುದೂ ಇಲ್ಲ.

ನಮ್ಮ ನಾಲ್ಕು ಊರುಗಳಲ್ಲಿ ಏರುಪೇರು 24.5ಕ್ಕೆ ನಿಂತದ್ದು ಭೂಮಿಗೂ ರಾಗಿಗೂ ಹೊಂದಿಕೆ ಇದ್ದುದರಿಂದ. ಹೊಂದಿಕೆ ತಪ್ಪಿದ್ದು ಸಣ್ಣ ಊರಾದ ಘದಲ್ಲಿ, ಅಲ್ಲಿ ಭೂಮಿಯ ಶೇ. 60ರಷ್ಟು ರಾಗಿ. ಒಟ್ಟು 598ರಲ್ಲಿ ಘ ಇರುವ ಮೂರು ಜೋಡಿಗಳ ಪಾಲೇ 457. ಮುಂದಿನ ವರ್ಷ ಸಮೀಕ್ಷೆ ಮಾಡುವವರು ಘ ಊರಿನ ಸಂಭವನೀಯತೆಯನ್ನು ತುಸು ಏರಿಸಿದರೆ ಲಾಭವಾಗುತ್ತದೆ ಎಂದು ಈ ಸೂತ್ರ ಜೋಡಿ ಜೋಡಿಯಾಗಿ ಬಿಡಿಸಿ ಹೇಳುತ್ತದೆ. ಐವತ್ತು ಸಾವಿರದಿಂದ ಐವತ್ತು ಸಾವಿರ ಕಳೆಯುವ ರೂಪದಿಂದ ಈ ಮಾತು ಹೊರಡುತ್ತಿರಲಿಲ್ಲ.